ಮಾತು ಸ್ವಂತದ್ದು, ಸದ್ದು ಸಂತೆಯದ್ದು

13 ಜೂನ್ 2005, ಸೋಮವಾರ

ಹೈದರಾಬಾದಿನ ಮೆಹದಿಪಟ್ಟಣಂ ಬಸ್ಸು. ಟೈ ಕಟ್ಟಿದವನೊಬ್ಬ ತನ್ನ ಮೂಲವ್ಯಾಧಿ ಆಪರೇಷನ್ನಿನ ವರದಿಯನ್ನು ಮೊಬೈಲಿನಲ್ಲಿ ಒಪ್ಪಿಸಿದ. ಬಸ್ಸು ಪೂರ್ತಿ ಆಲಿಸಿತು. ಮಾತು ಸ್ವಂತದ್ದು, ಸದ್ದು ಸಂತೆಯದ್ದು. ಬಾಯಿಂದ ಎರಡಿಂಚಿಗೆ ಮೈಕು. ಪಿಸುಗುಟ್ಟಿದರೂ ಸಾಕು, ಪ್ರಾಣಿಗೆ ತಿಳಿಯದು.

14, ಮಂಗಳವಾರ

ಲ್ಯಾಬು. ಫೋನುಗಳ ಧ್ವನಿ ಪರೀಕ್ಷಿಸಿ ಅನ್ನ ತಿನ್ನುವವನು ನಾನು. ಸಹೋದ್ಯೋಗಿ ಚಂದ್ರಕಾಂತನ ಹೆಡ್‌ಫೋನಿಗೆ ಬಸ್ಸಿನ ಗದ್ದಲ ಬಿಟ್ಟು, ಪೇಪರ್ ಓದಿಸಿದೆ. ದನಿ ಅಳೆಯುವ ಮೀಟರಿನ ಮುಳ್ಳು ಏರಿತು.

"ಯಾಕಯ್ಯ ಕಿರುಚಿದೆ?"

"ನಾನಾ? ಸುಳ್ಳು ಸರ್!"

ಬೇಕಂತಲೇ ಮೆಲ್ಲಗೆ ಓದು ಎಂದೆ. ಮತ್ತೆ ಏರಿತು. ಗದ್ದಲದಲ್ಲಿ ತನ್ನ ದನಿ ತನಗೇ ಕೇಳದಿದ್ದರೆ, ಗಂಟಲು ಯಜಮಾನನ ಅಪ್ಪಣೆ ಕಾಯದೆ ಏರುತ್ತದೆ. ಹಳೇ ಲ್ಯಾಂಡ್‌ಲೈನು ನಮ್ಮ ದನಿಯನ್ನು ತುಸು ನಮ್ಮ ಕಿವಿಗೇ ವಾಪಸು ಕೊಡುತ್ತಿತ್ತು, ಮೊಬೈಲು ಜಿಪುಣ. ಎದುರಿಗೆ ಮುಖವಿದ್ದರೆ ಅದು ಸಿಂಡರಿಸಿಕೊಂಡಾಗ ತಗ್ಗುತ್ತೇವೆ. ಫೋನಿಗೆ ಮುಖವಿಲ್ಲ. ಇನ್ನೊಂದು ಕಿವಿಗೆ ಬೆರಳಿಟ್ಟರೆ ಗದ್ದಲ ತಗ್ಗಿ, ತಲೆಯೊಳಗೆ ಸ್ವಂತ ದನಿ ಕೇಳಿ, ಗಂಟಲು ತಾನೇ ಇಳಿಯುತ್ತದೆ. ಯಾರಿಡುತ್ತಾರೆ? ದಡ್ಡರು.

16, ಗುರುವಾರ. ಮಧ್ಯಾಹ್ನ

ಕ್ಯಾಂಟೀನಿನಲ್ಲಿ ಕೃಪಾ. ಟೀಮಿನ ಕಲಬುರ್ಗಿ ಹುಡುಗಿ. ಮಾವ ಶಿವಶರಣಪ್ಪನ ಮನೆಯಲ್ಲಿದ್ದಾಳೆ. ಆತ ಬೇರೆ ಗಂಡು ಗೊತ್ತು ಮಾಡಿದ್ದಾನೆ. ಇವಳಿಗೆ ನಮ್ಮ ಆಫೀಸಿನ ತೆಲುಗು ಹುಡುಗ ರವಿಶಂಕರನೇ ಬೇಕು. ನಾಳೆ ಕಾಚಿಗೂಡದ ಆರ್ಯ ಸಮಾಜದಲ್ಲಿ ಮದುವೆ.

"ಸಾಕ್ಷಿಗೆ ನೀವ ಬರಬೇಕ್ರಿ ಸರ್. ಮಾವಗ ಗೊತ್ತಾದ್ರ ಇವತ್ತ ರೈಲ್ ಹತ್ತಸ್ತಾನ."

ಒಪ್ಪಿದೆ. ಗುಟ್ಟಿಗೆ ನನಗಿಂತ ಭದ್ರವಾದ ಪೆಟ್ಟಿಗೆ ಇಲ್ಲ.

ಸಂಜೆ

ಬಸ್ಸಿನಲ್ಲಿದ್ದಾಗ ಅವಳ ಫೋನು. ಎಂಜಿನ್ ಗುಡುಗು, ಹಾರ್ನು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದೆ. ಪಿಸುಗುಟ್ಟಿದೆ ಎಂದುಕೊಂಡೆ. "ಹೂಂ ಕೃಪಾ, ನಾಳೆ ಹನ್ನೊಂದಕ್ಕೆ ಮದುವೆ, ಕಾಚಿಗೂಡ. ನಿಮ್ಮ ಮಾವನಿಗೆ ಗೊತ್ತಾಗಬಾರದು ಅಷ್ಟೇ." ಕನ್ನಡ ಬೇರೆ. ಇಲ್ಲಿ ಯಾರಿಗೆ ತಿಳಿಯುತ್ತದೆ?

ಕಂಡಕ್ಟರ್ ನಕ್ಕ: "ಪೆಳ್ಳಿ ಕಾಚಿಗೂಡಲೋನಾ ಸಾರ್?" ಮದುವೆ ಎಂಬ ಮಾತು ತೆಲುಗಿನವನಿಗೂ ತಿಳಿದಿತ್ತು.

ಮುಂದಿನ ಹೆಂಗಸರ ಸೀಟಿನಿಂದ ಒಬ್ಬಾಕೆ ತಿರುಗಿದಳು.

"ಯಪ್ಪಾ, ಯಾವ ಕೃಪಾರೀ? ನಮ್ಮನಿಯವ್ರ, ಶಿವಶರಣಪ್ಪನವ್ರ, ಸ್ವಾದರ ಸೊಸಿಯೇನು? ನಾನು ಆಕಿ ಅತ್ತಿ, ಶರಣಬಸಮ್ಮ."

ಗಂಟಲು ಈಗ ಇಳಿಯಿತು. ಆಕೆ ಮುಂದಿನ ಸ್ಟಾಪಿನಲ್ಲಿ ಇಳಿದು ಹೋದಳು.

ಕೃಪಾಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಆ ಟೈ ಕಟ್ಟಿದವನು ತನ್ನ ಮೂಲವ್ಯಾಧಿಯನ್ನಷ್ಟೇ ಹರಾಜು ಹಾಕಿದ್ದ. ನಾನು ಹುಡುಗಿಯನ್ನು.

17, ಶುಕ್ರವಾರ, 11:10

ಕಾಚಿಗೂಡ. ರವಿಶಂಕರ್ ಹಾರ ಹಿಡಿದು ಕುಳಿತಿದ್ದಾನೆ. ಫೋನು ಇನ್ನೂ ಆಫ್. ನಡೆದದ್ದು ಹೇಳಿದೆ. ಹಾರ ಪಕ್ಕಕ್ಕಿಟ್ಟು ಅವನೂ ಕೃಪಾಳ ನಂಬರು ಒತ್ತತೊಡಗಿದ.

11:40

ಆಟೋ ನಿಂತಿತು. ಮೊದಲು ಇಳಿದದ್ದು ಶರಣಬಸಮ್ಮ. ಹಿಂದೆ, ರೇಷ್ಮೆ ಸೀರೆಯಲ್ಲಿ ಕೃಪಾ.

"ಫೋನ್ ನಾನ ಕಸ್ಕೊಂಡು ಬಂದ್ ಮಾಡೀನ್ರಿ. ಮತ್ತ ನೀವು ಫೋನ್ ಹಚ್ಚಿ ಒದರಿದ್ರ ಇಡೀ ಹೈದ್ರಾಬಾದ್ ಮದಿವಿಗೆ ಅಕ್ಕಿಕಾಳ್ ಹಾಕಾಕ ಬರ್ತಿತ್ತು. ನಮ್ಮನಿಯವ್ರು ಗೊತ್ತ ಮಾಡಿದ ಗಂಡು ನನಗೂ ಸೇರಂಗಿಲ್ಲ, ಅವ್ರಿಗೆ ಗುಡಿಗೆ ಹೊಂಟೀವಿ ಅಂತ ಹೇಳೀನಿ. ಲಗೂ ಮುಗಸ್ರಿ."

ಪುರೋಹಿತರು ಸಾಕ್ಷಿಯ ಹೆಸರು ಕೇಳಿದರು. ಹೇಳಿದೆ.

"ಮೆಲ್ಲಕ!" ಎಂದಳು ಮಹಾತಾಯಿ.

ಸಹಿಗೆ ಕರೆಯುತ್ತಿದ್ದಾರೆ, ಪೆನ್ನು ಇದೊಂದೇ —