ಹೇಳಿಕೊಟ್ಟ ಮಾತು

ಜೂನ್ ೧೨, ಗುರುವಾರ

ಇವರಿಗೆ ಆ ಮಾತು ಕಲಿಸಿದ್ದು ಯಾರು?

ತವರೂರು ತೇರಗಾಂವದಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದಾಗಿನಿಂದ ನನ್ನ ಗಂಡನದು ಒಂದೇ ಪಾಠ: "ಸಬ್ ಠೀಕ್ ಹೋ ಜಾಯೇಗಾ," ಎಲ್ಲ ಸರಿಹೋಗುತ್ತದೆ ಅಂತ. ಇವರದು ಮರಾಠಿ, ನನ್ನದು ಕನ್ನಡ, ಮನೆಯಲ್ಲಿ ನಡೆಯುವುದು ಹಿಂದಿ. ಗ್ಯಾಸು, ಬೇಳೆ, ಜಗಳಕ್ಕೆಲ್ಲ ಸಾಕಾಗುವ ಆ ಹಿಂದಿ ಈ ಸಲ ಎದೆಗೆ ಇಳಿಯಲೇ ಇಲ್ಲ. ನನಗೆ ಅಳು ಬರಲಿಲ್ಲ.

ಇವತ್ತು ರೊಟ್ಟಿ ಬಡಿಯುವಾಗ ಹಿಂದೆ ನಿಂತು ಕನ್ನಡದಲ್ಲಿ ಅಂದರು: "ಅತ್ತು ಬಿಡವ್ವಾ, ಎದಿ ಹಗುರಾಗ್ತೈತಿ."

ಹಿಟ್ಟಿನ ಕೈಯಲ್ಲೇ ಅತ್ತುಬಿಟ್ಟೆ. ಆಮೇಲೆ ಸಂಶಯ ಹತ್ತಿತು. ಕಲಿಸಿದವಳು ಯಾವಳು? ಆದರೆ ಹೆಂಡತಿಗೆ ಯಾವ ಗಂಡ "ಅವ್ವಾ" ಅನ್ನುತ್ತಾನೆ? ನನ್ನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ.

ಕೇಳಿದೆ. ಆಸ್ಪತ್ರೆಯಲ್ಲಿ ಅವ್ವನೇ ಬಾಯಿಪಾಠ ಮಾಡಿಸಿದಳಂತೆ.

ನನಗೆ ಮಾತ್ರ, "ನಾಳೆ ಮನಿಗೆ ಹೋಗೂಣು" ಅಂದಿದ್ದಳು.