ನಡುಕ ಮದುವೆಯದಲ್ಲ

ಚಳ್ಳಕೆರೆ
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅವ್ವ,

ಮೊಳಕಾಲ್ಮುರಿನ ಮನೆಯಲ್ಲಿ, ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ನನ್ನ ಧಾರೆ ಸೀರೆ ನೇಯುತ್ತಿರುವ ನಿನಗೆ ನಿನ್ನ ಸೌಂದರ್ಯಳ ನಮಸ್ಕಾರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪ ಅದನ್ನು ಸ್ಪೀಕರಿಗೆ ಹಾಕಿಸಿ ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಮಾಲತಿಯ ಕೈಯಲ್ಲಿ ಈ ಕಾಗದ. ಅವಳ ಮುಂದೆಯೇ ಓದಿಬಿಡು.

ಸುತ್ತಿ ಬಳಸುವುದಿಲ್ಲ. ಗೋವರ್ಧನನನ್ನು ನಾನು ಮದುವೆಯಾಗುವುದಿಲ್ಲ.

ಹೋದ ವಾರ ನೀನು, "ನಿಶ್ಚಿತಾರ್ಥ ಆದ ಮ್ಯಾಲೆ ಎಲ್ರಿಗೂ ಹೆದ್ರಿಕೆ ಆಗ್ತೈತೆ ಕಣೇ. ನಂಗೂ ಹಿಂಗೇ ಆಗಿತ್ತು, ಸರಿಹೋಗ್ತೈತೆ ಬಿಡು" ಅಂದೆ. ನಾನೂ ಹಾಗೇ ಅಂದುಕೊಂಡಿದ್ದೆ. ತಳಕು ಊರಿನ ಅವರ ಮನೆಯಲ್ಲಿ ಎಷ್ಟೊತ್ತಿಗೆ ಏಳಬೇಕೋ, ಅತ್ತೆಯ ಮುಂದೆ ಮುದ್ದೆ ಗಂಟುಗಂಟಾದರೆ ಏನು ಗತಿಯೋ, ನಿನ್ನ ಮಗ್ಗದ ಸದ್ದಿಲ್ಲದೆ ನಿದ್ದೆ ಹತ್ತುತ್ತದೋ ಇಲ್ಲವೋ. ಆ ಭಯವೂ ಇತ್ತು. ಅದು ಹೇಳಿಕೊಂಡರೆ ಹಗುರಾಗುವ ಭಯ.

ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಈ ಮಾಲತಿಯನ್ನೇ ಕೇಳು. ಮದುವೆಗೆ ಮುಂಚೆ ಊಟ ಸೇರದೆ ಅತ್ತಿದ್ದೇ ಅತ್ತಿದ್ದು. ಕೊನೆಗೆ ಗಂಡನಾಗಬೇಕಿದ್ದ ಈರೇಶನಿಗೆ, "ನಂಗೆ ಹೆದ್ರಿಕೆ ಆಗ್ತೈತೆ ರೀ, ಒಂದು ತಿಂಗ್ಳು ಮುಂದಕ್ಕೆ ಹಾಕ್ರಿ" ಅಂದೇಬಿಟ್ಟಳು. ಅವನ ಮುಖ ಸಪ್ಪಗಾಯಿತಂತೆ. ಆದರೂ "ಆಗ್ಲಿ ಬಿಡು, ನಂಗೇನು ಧೈರ್ಯ ಉಕ್ಕಿ ಹರೀತೈತಾ?" ಅಂದು ನಕ್ಕು, ಅವರಪ್ಪನ ಹತ್ತಿರ ತಾನೇ ಹೋಗಿ ಬೈಸಿಕೊಂಡು ಬಂದ. ಅವತ್ತೇ ಇವಳಿಗೆ ಊಟ ಸೇರಿತು.

ನನಗೆ ಸಿಕ್ಕಿದ್ದೇ ಬೇರೆ. ಮೊದಮೊದಲು ಗೋವರ್ಧನನಿಂದ ಗಳಿಗೆಗೊಂದು ವಿಡಿಯೋ ಕಾಲ್. ಎಷ್ಟು ಪ್ರೀತಿ ಅಂತ ಎಲ್ಲರೂ ರೇಗಿಸಿದರು, ನಾನೂ ಉಬ್ಬಿದೆ. ಆಮೇಲೆ ಫೋನು ಸುತ್ತ ತಿರುಗಿಸಿ ಪಕ್ಕದಲ್ಲಿ ಯಾರಿದ್ದಾರೆಂದು ತೋರಿಸಬೇಕಾಯಿತು. ಆಮೇಲೆ ಫೋನಿನ ಪಾಸ್‌ವರ್ಡ್ ಕೇಳಿದ. "ಆ ಮಾಲತಿ ಸಹವಾಸ ಬಿಡು, ನಿನ್ನ ತಲೆ ಕೆಡಿಸ್ತಾಳೆ" ಅಂದ. ಮದುವೆಯಾದ ಮೇಲೆ ಕೆಲಸವನ್ನೇ ಬಿಡಬೇಕು ಅಂದ. ಒಂದೊಂದೂ ಸಣ್ಣದೇ, ದೂರು ಹೇಳಿದರೆ ನಗುವಂಥದ್ದೇ. ಹಾಗೆ ಒಂದೊಂದೇ ಕಲ್ಲಿಟ್ಟು ನನ್ನ ಸುತ್ತ ಗೋಡೆ ಎಬ್ಬಿಸುತ್ತಿದ್ದ.

ಮಾಲತಿ ಮನೆಯ ಗೃಹಪ್ರವೇಶಕ್ಕೆ ಹೋಗಕೂಡದು ಅಂದಾಗ, "ಇಲ್ಲ, ಹೋಗ್ತೀನಿ ರೀ" ಅಂದೆ. ಅವನಿಗೆ ನಾನು ಅಂದ ಮೊದಲ 'ಇಲ್ಲ' ಅದು. ಲ್ಯಾಬಿನ ಮುಂದೆಯೇ ಹೆಲ್ಮೆಟ್ ನೆಲಕ್ಕೆ ಅಪ್ಪಳಿಸಿ ನನ್ನ ಕೈ ತಿರುಚಿದ. ಮರುದಿನ ಬಳೆ ತಂದು ಅತ್ತ. "ನೀನೇ ಸಿಟ್ಟು ಬರ್ಸಿದ್ದು. ನಿನ್ ಮ್ಯಾಲಿನ ಪ್ರೀತಿಗೇ ಹಂಗ್ ಮಾಡ್ದೆ." ನಾನು ಕರಗಿ ಬಳೆ ತೊಟ್ಟೆ. ಮುಂದಿನ ವಾರ ಮತ್ತೆ ಕೈ ತಿರುಚಿದಾಗ ಒಡೆದದ್ದು ಅದೇ ಬಳೆ.

ಬಟ್ಟೆ ಹಾಕುವಾಗ, ನಗುವಾಗ, ಇವನೇನು ಅನ್ನುತ್ತಾನೋ ಎಂದು ಮೊದಲೇ ಯೋಚಿಸತೊಡಗಿದ್ದೆ ಅವ್ವ. ಮದುವೆಯ ಭಯವಾಗಿದ್ದರೆ ಅವನ ದನಿ ಕೇಳಿ ಇಳಿಯಬೇಕಿತ್ತು. ನನ್ನದು ಅವನ ಫೋನು ಬಂದರೇ ಏರುತ್ತಿತ್ತು. ನಾನು ಹೆದರಿದ್ದು ಮದುವೆಗಲ್ಲ, ಅವನಿಗೆ.

ಒಬ್ಬಳೇ ಹೋಗಿ ಅವನಿಗೆ ಹೇಳುವ ಹುಚ್ಚು ಧೈರ್ಯ ಮಾಡಲಿಲ್ಲ. ನಿನ್ನೆ ಮಾಲತಿ, ಈರೇಶರ ಜೊತೆ ಬಿ.ಜಿ. ಕೆರೆಗೆ ಹೋಗಿ, ಸಂಬಂಧ ಕೂಡಿಸಿದ ಬೋರಯ್ಯ ಮಾವನ ಮುಂದೆ ಉಂಗುರ ಇಟ್ಟೆ. "ಗಂಡಸು ಅಂದ ಮ್ಯಾಲೆ ಸಿಟ್ಟು ಇರ್ತೈತಮ್ಮ. ಮಾತು ಕೊಟ್ಟೀವಲ್ಲ?" ಅಂದರು. "ಮಾತು ಕೊಟ್ಟೋರು ನೀವು ಮಾವ, ಕೈ ತಿರುಚಿಸ್ಕೊಂಡೋಳು ನಾನು" ಅಂದೆ. ತೋಳಿನ ಕಲೆ ನೋಡಿದರು. ಹಿಂದಿರುಗಿಸಲು ಉಂಗುರ ಎತ್ತಿಕೊಂಡರು. ಅವನು ಲ್ಯಾಬಿನ ಹತ್ತಿರ ಬಂದು ಗಲಾಟೆ ಮಾಡಿದರೆ ಎಂದು ಪೊಲೀಸ್ ಠಾಣೆಗೂ ಹೇಳಿ ಬಂದಿದ್ದೇವೆ.

ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ತಿರುಚಿದ ಕೈ ಊರಿನದಲ್ಲ.

ಸೀರೆ ಮಾತ್ರ ಮುಗಿಸು. ಧಾರೆಗಲ್ಲದಿದ್ದರೆ ಹಬ್ಬಕ್ಕೆ ಉಡುತ್ತೇನೆ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ ಗಟ್ಟಿ ಬಾಯಿಯವಳು,
ಸೌಂದರ್ಯ

ತಾ.ಕ.: 'ನಂಗೂ ಹಿಂಗೇ ಆಗಿತ್ತು' ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಬೀದಿ ತುದಿಯಲ್ಲಿ ಅಪ್ಪನ ಬೈಕಿನ ಸದ್ದು ಕೇಳಿದರೆ ಇವತ್ತಿಗೂ ನಿನ್ನ ಮಗ್ಗ ನಿಲ್ಲುತ್ತದೆ. ಅದು ಸರಿಹೋಗಲೇ ಇಲ್ಲ, ಅಲ್ಲವಾ ಅವ್ವ? ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗವಿದೆ. ಮಾಲತಿ ಸಂಜೆ ಬಸ್ಸಿಗೆ ವಾಪಸು ಹೊರಡುತ್ತಾಳೆ. ಆಧಾರ್ ಕಾರ್ಡೊಂದು ತಗೊಂಡು ಅವಳ ಜೊತೆ ಬಂದುಬಿಡು, ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಸೀರೆ ಮುಗಿಸು ಅಂದೆನಲ್ಲ, ಅದಕ್ಕಾಗಿ ಕಾಯಬೇಡ. ಅರ್ಧ ಸೀರೆ ಮಗ್ಗದ ಮೇಲೇ ಇರಲಿ.