ಎಡ ಪಕ್ಕೆಯ ನೋವು

11 ಜನವರಿ 2004, ಭಾನುವಾರ ರಾತ್ರಿ

ಓಟದ ದಿನ ಹೊಸದೇನೂ ಮಾಡಬೇಡ, ದಿನಾ ಓಡೋ ಹಾಗೇ ಓಡು ಎಂದೋ ಏನೋ ನಮ್ಮ ಬಸ್ಸಿನ ಡ್ರೈವರ್ ವೀರೇಶಪ್ಪ ಹೇಳಿದ್ದ; ಪೂರ್ತಿ ನೆನಪಿಲ್ಲ. ಅಣ್ಣ ಮಲ್ಲೇಶ ಈಗಿನ ನನ್ನ ವಯಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಹೋದ. ಆಮೇಲೆ ನಾನು ಓಡಲು ಶುರು ಮಾಡಿದ್ದು. ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟು, ಬೆಳಿಗ್ಗೆ ಡಿಪೋದಿಂದ ಆಲ್ಕೊಳದ ಮನೆಗೆ ದಣಿದ ಕಾಲಿನಲ್ಲೇ ಓಡುತ್ತಿದ್ದೆ. ಆ ಕಾಲಿಗೆ ವೇಗವೇ ಬರುತ್ತಿರಲಿಲ್ಲ. ಆ ದಣಿವೇ ನನ್ನನ್ನು ಮಿತಿ ಮೀರದಂತೆ ಕಾಯುತ್ತಿತ್ತೆಂದು ಇವತ್ತಿನವರೆಗೂ ಗೊತ್ತಿರಲಿಲ್ಲ.

ಇವತ್ತು ಭದ್ರಾವತಿಯಲ್ಲಿ ಹತ್ತು ಕಿಲೋಮೀಟರ್ ಓಟ. ನಿನ್ನೆ ರಾತ್ರಿ ರಜೆ ಹಾಕಿ ಮಲಗಿದ್ದೆ. ಕಾಲು ಹಗುರವಾಗಿತ್ತು, ಕಾಲೇಜು ಹುಡುಗರ ಜೊತೆ ಅವರ ವೇಗದಲ್ಲೇ ಹೊರಟುಬಿಟ್ಟೆ. ಮೂರನೇ ಕಿಲೋಮೀಟರಿಗೇ ಉಸಿರು ಸಾಲದಾಯಿತು. ಅರ್ಧ ದಾರಿ ದಾಟುವಾಗ ಎಡ ಪಕ್ಕೆಯಲ್ಲಿ ಚುಚ್ಚಿದಂತಾಗಿ ನಿಂತೆ.

"ಏನ್ ಕಂಡಕ್ಟ್ರೇ, ಗಾಡಿ ಕೆಟ್ಟೋಯ್ತಾ?" ಹಿಂದಿನಿಂದ ಓಡಿಬಂದ ಮುರುಗೇಶ ಕೇಳಿದ; ಕಾರ್ಖಾನೆಯ ಕೆಲಸಗಾರ, ನನ್ನ ಬಸ್ಸಿಗೆ ಹತ್ತುವವನು. "ಸ್ವಲ್ಪ ಬಗ್ಗಿ, ಪಕ್ಕೆ ಅಮುಕ್ಕೊಂಡು ಉದ್ದಕ್ಕೆ ಉಸಿರು ಬಿಡಿ ಮಾರಾಯ್ರೇ. ಜೋರಾಗಿ ಹೊರಟ್ರೆ ಎಲ್ರಿಗೂ ಬರೋದೇ. ಆಮೇಲೆ ನನ್ ಹಿಂದೇನೇ ಬನ್ನಿ."

ಹಾಗೇ ಮಾಡಿದೆ, ನೋವು ಕರಗಿತು. ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ, ಅವನ ಬೆನ್ನು ನೋಡುತ್ತ ಓಟ ಮುಗಿಸಿದೆ. ಕೊರಳಿಗೆ ಮೆಡಲ್ ಹಾಕುವಾಗಲೂ ನನ್ನ ಕೈ ಪಕ್ಕೆಯ ಮೇಲೇ ಇತ್ತು.

ಹೆಂಡತಿ ಸುಭದ್ರ ಮೆಡಲನ್ನು ಗೋಡೆಯ ಮೊಳೆಗೆ ತೂಗುಹಾಕಿ ಮಲಗಿದ್ದಾಳೆ. ಅವಳಿಗೆ ನೋವಿನ ವಿಷಯ ಹೇಳಲಿಲ್ಲ. ಓಡುವವರಿಗೆಲ್ಲ ಬರುವ ನೋವೇ ಇರಬಹುದು. ಮಲ್ಲೇಶಣ್ಣ, ನಿನಗೂ ಮೊದಲು ಹೀಗೇ ಬಂದು ಹೋಗಿತ್ತಾ?